ಕಾಗದಕ್ಕೆ ಚಾರ್ಜ್ ಕೊಟ್ಟವರು ಯಾರು?

ಕಳೆದ ಭಾನುವಾರ ಮಗಳ ತಲೆ ಬಾಚುತ್ತಿದ್ದೆ. ಸ್ನಾನ ಮಾಡಿ ಚೆನ್ನಾಗಿ ಒಣಗಿದ, ಎಣ್ಣೆ ಹಚ್ಚದ ಕೂದಲು. ಅವಳು ಪ್ಲಾಸ್ಟಿಕ್ ಬಾಚಣಿಗೆ ಕಿತ್ತುಕೊಂಡು ಕಾಗದದ ಚೂರುಗಳ ಹತ್ತಿರ ಹಿಡಿದಳು. ಚೂರುಗಳು ಟಪಕ್ಕನೆ ಹಾರಿ ಅಂಟಿಕೊಂಡವು. “ಯಾಕಮ್ಮಾ?” ಅಂದಳು. “ಬಾಚಣಿಗೆ ಋಣ, ಕಾಗದ ಧನ. ವಿರುದ್ಧವಾದವು ಸೆಳೆಯುತ್ತವೆ” ಎಂದೆ, ಸ್ವಲ್ಪ ಜಂಬದಿಂದಲೇ.

ಮಾರನೇ ದಿನ ಶಾಲೆಯಿಂದ ಸಪ್ಪೆ ಮುಖ ಹಾಕಿಕೊಂಡು ಬಂದಳು. ಅದನ್ನೇ ಕ್ಲಾಸಿನಲ್ಲಿ ಹೇಳಿದ್ದಳಂತೆ. ಗೆಳತಿ ಕೇಳಿದಳಂತೆ: “ಕಾಗದವನ್ನ ಯಾರೂ ಉಜ್ಜಲೇ ಇಲ್ಲವಲ್ಲ, ಅದಕ್ಕೆ ಚಾರ್ಜ್ ಕೊಟ್ಟವರ್ಯಾರು?”

ನನ್ನ ಬಳಿ ಉತ್ತರವಿರಲಿಲ್ಲ. ರಾತ್ರಿ ಹಳೇ ಪಿಯುಸಿ ಪುಸ್ತಕ ತೆಗೆದೆ.

ಬಾಚಣಿಗೆಯ ಬಗ್ಗೆ ನಾನು ಹೇಳಿದ್ದು ಸರಿ. ಬಾಚುವಾಗ ಕೂದಲಿನಿಂದ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿಗೆ ಬರುತ್ತವೆ, ಅದು ಋಣವಾಗುತ್ತದೆ. ಆದರೆ ಕಾಗದ ತಟಸ್ಥ. ಅದರಲ್ಲಿ ಧನವೂ ಋಣವೂ ಸಮಸಮ. ಬಾಚಣಿಗೆ ಹತ್ತಿರ ಬಂದಾಗ ಕಾಗದದ ಪ್ರತಿ ಅಣುವಿನಲ್ಲೂ ಎಲೆಕ್ಟ್ರಾನುಗಳು ಒಂದಿಷ್ಟು ಆಚೆಗೆ ಸರಿಯುತ್ತವೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಹಾಗೆ. ಯಾರೂ ಇಳಿದು ಹೋಗುವುದಿಲ್ಲ, ವಾಲುತ್ತಾರೆ ಅಷ್ಟೇ. ಇದನ್ನೇ ಧ್ರುವೀಕರಣ ಎನ್ನುತ್ತಾರೆ. ಈಗ ಕಾಗದದ ಬಾಚಣಿಗೆ ಕಡೆಯ ಅಂಚು ಕೊಂಚ ಧನ, ಆಚೆ ಅಂಚು ಕೊಂಚ ಋಣ.

“ಹಾಗಾದ್ರೆ ಒಂದು ಅಂಚು ಎಳೆಯುತ್ತೆ, ಇನ್ನೊಂದು ತಳ್ಳುತ್ತೆ. ಸರಿಹೋಯ್ತಲ್ಲ, ಯಾಕೆ ಹಾರಬೇಕು?” ಅಂದಳು ಮಗಳು.

ಗುಟ್ಟು ಇರೋದು ಅಲ್ಲೇ. ವಿದ್ಯುತ್ ಬಲ ದೂರ ಹೆಚ್ಚಿದಂತೆ ಬೇಗ ಕುಗ್ಗುತ್ತದೆ. ಎರಡು ಪುಟ್ಟ ಆವೇಶಗಳ ನಡುವಿನ ದೂರ ಎರಡರಷ್ಟಾದರೆ ಬಲ ಕಾಲುಭಾಗಕ್ಕಿಳಿಯುತ್ತದೆ. ಧನ ಅಂಚು ಬಾಚಣಿಗೆಗೆ ಹತ್ತಿರ, ಋಣ ಅಂಚು ಒಂದು ಕೂದಲೆಳೆಯಷ್ಟಾದರೂ ದೂರ. ಹಾಗಾಗಿ ಎಳೆತ ತಳ್ಳುವಿಕೆಗಿಂತ ತುಸು ಹೆಚ್ಚು. ಕಾಗದದ ಚೂರು ಹಗುರ, ಅದನ್ನು ಎತ್ತಲು ಆ ತುಸುವೇ ಸಾಕು. ದೊಡ್ಡ ಹಾಳೆಯಾದರೆ ಏಳುವುದಿಲ್ಲ.

ಇನ್ನೊಂದು ಪುರಾವೆಯೂ ಇದೆ. ರೇಷ್ಮೆಯಿಂದ ಉಜ್ಜಿದ ಗಾಜಿನ ಕಡ್ಡಿ ಧನವಾಗುತ್ತದೆ, ಅದೂ ಇದೇ ಚೂರುಗಳನ್ನು ಸೆಳೆಯುತ್ತದೆ. ಕಾಗದ ನಿಜಕ್ಕೂ ಧನವಾಗಿದ್ದರೆ ಗಾಜು ಅದನ್ನು ತಳ್ಳಬೇಕಿತ್ತು.

ಮತ್ತೆ ಬಾಚಿ ನೋಡಿದೆವು. ಅಂಟಿದ ಒಂದೆರಡು ಚೂರು ಸ್ವಲ್ಪ ಹೊತ್ತಿಗೆ ಚಿಮ್ಮಿ ದೂರ ಬಿದ್ದವು. “ಈಗ ನೋಡು, ತಗುಲಿದಾಗ ಬಾಚಣಿಗೆಯ ಋಣ ಅದಕ್ಕೂ ಬಂತು, ಎರಡೂ ಒಂದೇ ಆಯ್ತು, ತಳ್ಳಿತು” ಎಂದೆ. ಕಾಗದಕ್ಕೆ ನಿಜವಾಗಿ ಚಾರ್ಜ್ ಸಿಕ್ಕಿದ್ದು ಆಗ, ಅದೂ ನಾನು ಹೇಳಿದ್ದಕ್ಕೆ ಉಲ್ಟಾ!

“ನಾಳೆ ಅವಳಿಗೆ ತೋರಿಸ್ತೀನಿ” ಎಂದು ಬಾಚಣಿಗೆಯನ್ನು ಬ್ಯಾಗಿಗೆ ಹಾಕಿಕೊಂಡಳು. “ಮಳೆ ಬಂದ್ರೆ ಬೇಡ ಕಣೇ, ತೇವದ ಗಾಳಿಯಲ್ಲಿ ಚಾರ್ಜ್ ಬೇಗ ಸೋರಿಹೋಗುತ್ತೆ” ಎಂದೆ. “ಮೊದಲು ನಮ್ಮಮ್ಮ ಹೇಳಿದ್ದು ತಪ್ಪು ಅಂತಾನೂ ಹೇಳು.”