ಕೋಡಿನ ಸುತ್ತ ಖಾಲಿ ಜಾಗ

ಬುಧವಾರ ಸಂಜೆ ಮೇಷ್ಟ್ರು ಫೋನ್ ಮಾಡಿದರು. "ಏನಮ್ಮಾ, ಗ್ರಂಥಾಲಯದ ಹತ್ರ ನಿಮ್ಮ ನಾಟಕದ ಪೋಸ್ಟರ್ ಮುಂದೆ ಹತ್ತು ನಿಮಿಷ ನಿಂತಿದ್ದೆ. ಫೋನು ಏನೂ ಹೇಳ್ತಾನೇ ಇಲ್ಲ. ನನ್ನ ಫೋನು ಹಳೇದಾಯ್ತೋ, ನಾನು ಹಳಬನಾದೆನೋ?"

ನಾಟಕ ಭಾನುವಾರವಿತ್ತು. ಸಭಾಂಗಣದಲ್ಲಿದ್ದದ್ದು ನೂರೆಂಬತ್ತು ಕುರ್ಚಿ. ಪ್ರವೇಶ ಉಚಿತವಾದರೂ ಹೆಸರು ನೋಂದಾಯಿಸಬೇಕಿತ್ತು, ಅದಕ್ಕಾಗಿ ಪೋಸ್ಟರಿನಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿದ್ದೆ. ಎ3 ಅಳತೆಯ ನಲವತ್ತು ಪೋಸ್ಟರುಗಳು ಸೋಮವಾರವೇ ಊರಿನ ಗೋಡೆ ಸೇರಿದ್ದವು. ಮೂರು ದಿನಕ್ಕೆ ಬಂದಿದ್ದ ಹೆಸರು ಹನ್ನೊಂದು. ಆ ಹನ್ನೊಂದೂ ನಾವು ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದವರದ್ದೇ ಎಂಬುದು ಮೇಷ್ಟ್ರ ಫೋನ್ ಬಂದಮೇಲೆ ಹೊಳೆಯಿತು. ಗೋಡೆ ನೋಡಿ ಬಂದವರು ಒಬ್ಬರೂ ಇರಲಿಲ್ಲ.

ಪೋಸ್ಟರ್ ಮಾಡಿದವಳು ನಾನೇ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಸಾಸಿವೆ ಬಣ್ಣದ ಹಿನ್ನೆಲೆ, ಸುತ್ತಲೂ ಹಸೆ ಚಿತ್ತಾರದ ಮಾದರಿಯ ಕಾವಿ ಗೆರೆಗಳ ಅಂಚು. ಕ್ಯೂಆರ್ ಕೋಡಿನ ಕಪ್ಪು ಬಿಳುಪು ಆ ಚಿತ್ರಕ್ಕೆ ಹೊಂದುವುದಿಲ್ಲ ಎನಿಸಿ ಅದಕ್ಕೂ ಕಾವಿ ಬಣ್ಣ ಕೊಟ್ಟು, ಎರಡೂವರೆ ಸೆಂಟಿಮೀಟರಿಗೆ ಕುಗ್ಗಿಸಿ, ಕೆಳಗಿನ ಮೂಲೆಯಲ್ಲಿ ಅಂಚಿನ ಗೆರೆಗಳಿಗೆ ತಾಗುವಂತೆ ಕೂರಿಸಿದ್ದೆ. ಅದೂ ಚಿತ್ತಾರದ ಒಂದು ಭಾಗದಂತೆಯೇ ಕಾಣುತ್ತಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ದೊಡ್ಡದು ಮಾಡಿ ಫೋನ್ ಹಿಡಿದಾಗ ಒಂದು ಸಲ ಓದಿಯೂ ಇತ್ತು. ಕಾಗದದ ಮೇಲೆ ನೋಡಿರಲಿಲ್ಲ.

ಗುರುವಾರ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ಪೋಸ್ಟರಿನೆದುರು ನಿಂತೆ. ನನ್ನ ಫೋನೂ ಸುಮ್ಮನಿತ್ತು. ಚೀಲದಲ್ಲಿದ್ದ ಬಿಳಿ ಹಾಳೆಯನ್ನು ಹರಿದು, ಎರಡು ತುಂಡುಗಳನ್ನು ಕೋಡಿನ ಅಂಚಿಗೆ ಸರಿಯಾಗಿ ಹಿಡಿದು ಚಿತ್ತಾರದ ಗೆರೆಗಳನ್ನು ಮುಚ್ಚಿದೆ. ಅಷ್ಟರಲ್ಲಿ ಅಲ್ಲಿಗೆ ಬಂದ ಹುಡುಗಿಯೊಬ್ಬಳ ಕೈಗೆ ಫೋನ್ ಕೊಟ್ಟೆ. ಗೇಣು ದೂರದಲ್ಲಿ ಹಿಡಿದಾಗ ಲಿಂಕ್ ತೆರೆದುಕೊಂಡಿತು. ಹಾಳೆ ತೆಗೆದೆ, ಮತ್ತೆ ಮೌನ. ಮೊದಲ ತಪ್ಪು ಅಲ್ಲೇ ಸಿಕ್ಕಿತು.

ಕ್ಯೂಆರ್ ಕೋಡಿನ ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿರುವುದನ್ನು ನೀವು ನೋಡಿರುತ್ತೀರಿ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಜೊತೆಗಾರರು ಈ ಕೋಡನ್ನು ರೂಪಿಸಿದಾಗ, ಯಂತ್ರ ಇದನ್ನು ಬೇರೆ ಅಚ್ಚಿನ ನಡುವೆ ಹೇಗೆ ಗುರುತಿಸಬೇಕು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಪತ್ರಿಕೆ, ಕರಪತ್ರ, ರಟ್ಟಿನ ಪೆಟ್ಟಿಗೆಗಳ ಅಚ್ಚನ್ನೆಲ್ಲ ಪರಿಶೀಲಿಸಿ, ಅವುಗಳಲ್ಲಿ ತೀರ ಅಪರೂಪವಾಗಿ ಕಾಣುವ ಒಂದು ಅನುಪಾತವನ್ನು ಅವರು ಆರಿಸಿಕೊಂಡರು. ಮೂಲೆಯ ಚೌಕದ ನಡುವೆ ಅಡ್ಡಗೆರೆ ಎಳೆದರೆ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಎಂದು ಐದು ಪಟ್ಟಿ ಸಿಗುತ್ತವೆ. ಅವುಗಳ ಅಗಲ 1:1:3:1:1. ಫೋನ್ ಮೊದಲು ಹುಡುಕುವುದು ಇದನ್ನೇ. ನನ್ನ ಪೋಸ್ಟರಿನಲ್ಲಿ ಹೊರಗಿನ ಪಟ್ಟಿಗೆ ಚಿತ್ತಾರದ ಗೆರೆ ಅಂಟಿಕೊಂಡಿತ್ತು. ಒಂದು ಪಾಲಿರಬೇಕಾದದ್ದು ಎರಡೋ ಮೂರೋ ಪಾಲಾಗಿ ಅನುಪಾತವೇ ಕೆಟ್ಟಿತ್ತು. ಫೋನಿನ ಮಟ್ಟಿಗೆ ಅಲ್ಲಿ ಕೋಡೇ ಇರಲಿಲ್ಲ.

ಅದಕ್ಕಾಗಿಯೇ ಕೋಡಿನ ನಾಲ್ಕೂ ಕಡೆ ಖಾಲಿ ಜಾಗ ಬಿಡಬೇಕೆಂಬ ನಿಯಮವಿದೆ. ಅಳತೆಯೂ ಗೊತ್ತುಮಾಡಿದ್ದೇ. ಕೋಡಿನೊಳಗಿನ ಪುಟ್ಟ ಚೌಕಗಳನ್ನು ಚೌಕಾಬಾರದ ಮನೆಗಳೆಂದುಕೊಂಡರೆ, ಪ್ರತಿ ಬದಿಗೂ ನಾಲ್ಕು ಮನೆಯಷ್ಟು ಅಗಲ. ನಾನು ಅದನ್ನು ಕಾಗದ ದಂಡ ಮಾಡುವ ಅಂಚೆಂದು ತಿಳಿದು ಕತ್ತರಿಸಿ ಹಾಕಿದ್ದೆ.

ಆ ಹುಡುಗಿಗೆ ಎರಡು ಹೆಜ್ಜೆ ಹಿಂದೆ ಹೋಗಲು ಹೇಳಿದೆ. ಹಾಳೆ ಅಡ್ಡ ಹಿಡಿದಿದ್ದರೂ ಈಗ ಫೋನ್ ಓದಲಿಲ್ಲ. ಎರಡನೆಯ ತಪ್ಪು ಗಾತ್ರದ್ದು. ನೋಂದಣಿ ಫಾರ್ಮಿನ ಉದ್ದನೆಯ ವಿಳಾಸವನ್ನು ಹಾಗೆಯೇ ಕೋಡಿಗೆ ತುಂಬಿದ್ದೆ, ಸುಮಾರು 110 ಅಕ್ಷರ. ಮಧ್ಯದಲ್ಲಿ ತಂಡದ ಮುಖವಾಡದ ಚಿತ್ರ ಇಡುವ ಆಸೆಗೆ, ತಪ್ಪು ತಿದ್ದಿಕೊಳ್ಳುವ ಶಕ್ತಿಯನ್ನೂ ಅತಿ ಹೆಚ್ಚಿನ ಮಟ್ಟಕ್ಕೆ, ‘ಎಚ್’ಗೆ, ಇಟ್ಟಿದ್ದೆ. ಆ ಮಟ್ಟದಲ್ಲಿ ಸುಮಾರು 30 ಶೇಕಡಾ ಹಾಳಾದರೂ ಕೋಡ್ ಓದುತ್ತದೆ ಎಂದು ಕೇಳಿ ಧೈರ್ಯದಿಂದಿದ್ದೆ. ಆದರೆ ಆ ಶಕ್ತಿ ಕಾಯುವುದು ಒಳಗಿನ ಮಾಹಿತಿಯನ್ನು ಮಾತ್ರ. ಮೂಲೆಯ ಚೌಕಗಳನ್ನಾಗಲಿ ಸುತ್ತಲಿನ ಖಾಲಿಯನ್ನಾಗಲಿ ಅದು ಕಾಯುವುದಿಲ್ಲ. ಮೇಲಾಗಿ ಅದಕ್ಕೆ ಹೆಚ್ಚು ಮನೆಗಳು ಬೇಕು. ನನ್ನ ಕೋಡಿನಲ್ಲಿ ಒಂದು ಬದಿಗೆ 57 ಮನೆಗಳಿದ್ದವು. 25 ಮಿಲಿಮೀಟರನ್ನು 57ರಿಂದ ಭಾಗಿಸಿದರೆ ಒಂದು ಮನೆಗೆ ಅರ್ಧ ಮಿಲಿಮೀಟರೂ ಸಿಗದು. ಎರಡು ಹೆಜ್ಜೆ ದೂರದಿಂದ ಕ್ಯಾಮೆರಾಕ್ಕೆ ಅದು ಬರಿಯ ಕಂದು ಮಸುಕು.

ಓದುವ ದೂರದ ಹತ್ತನೇ ಒಂದರಷ್ಟಾದರೂ ಕೋಡ್ ದೊಡ್ಡದಿರಬೇಕು ಎಂಬ ಅಂದಾಜು ಲೆಕ್ಕ ಬಳಕೆಯಲ್ಲಿದೆ. ಅರವತ್ತು ಸೆಂಟಿಮೀಟರ್ ದೂರಕ್ಕೆ ಆರು ಸೆಂಟಿಮೀಟರಿನ ಕೋಡ್. ಆದರೆ ಇದು ಮನೆಗಳು ಕಡಿಮೆಯಿದ್ದಾಗ ಹೊಂದುವ ಲೆಕ್ಕ. ಮನೆಗಳು ಎರಡರಷ್ಟಾದರೆ ಕೋಡೂ ಎರಡರಷ್ಟು ಬೆಳೆಯಬೇಕು.

ಮೂರನೆಯದು ಬಣ್ಣ. ಪೋಸ್ಟರಿನ ಫೋಟೋ ತೆಗೆದು ಫೋನಿನಲ್ಲೇ ಕಪ್ಪು ಬಿಳುಪಿಗೆ ತಿರುಗಿಸಿದೆ. ಕಣ್ಣಿಗೆ ಬೇರೆಬೇರೆಯಾಗಿ ಕಂಡಿದ್ದ ಕಾವಿ ಮತ್ತು ಸಾಸಿವೆ ಅಲ್ಲಿ ಅಕ್ಕಪಕ್ಕದ ಎರಡು ಬೂದಿ ಬಣ್ಣಗಳಾಗಿದ್ದವು. ಓದುವ ತಂತ್ರಾಂಶ ನೋಡುವುದು ಬೆಳಕು ಕತ್ತಲೆಯ ಅಂತರವನ್ನೇ ಹೊರತು ಬಣ್ಣವನ್ನಲ್ಲ. ಕಿಟಕಿಯ ಬೆಳಕಿನಲ್ಲಿ ಹೇಗೋ ನಡೆದದ್ದು ಸಂಜೆಯ ಮಂದ ದೀಪದಲ್ಲಿ, ಮೇಷ್ಟ್ರು ನಿಂತಿದ್ದ ಹೊತ್ತಿನಲ್ಲಿ, ನಡೆಯುವಂತಿರಲಿಲ್ಲ.

ಹೊಸ ಪೋಸ್ಟರಿಗೆ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಹಳೆಯ ಕೋಡಿನ ಮೇಲೆ ಅಂಟಿಸಲು ಸ್ಟಿಕ್ಕರ್ ಮಾಡಿದೆ. ಉದ್ದನೆಯ ವಿಳಾಸವನ್ನು 24 ಅಕ್ಷರದ ಕಿರುಕೊಂಡಿಗೆ ಇಳಿಸಿ, ಮುಖವಾಡ ಕೈಬಿಟ್ಟು, ತಪ್ಪು ತಿದ್ದುವ ಮಟ್ಟವನ್ನು ‘ಎಂ’ಗೆ ತಂದೆ. ಕೋಡ್ ಒಂದು ಬದಿಗೆ 25 ಮನೆಗೆ ಇಳಿಯಿತು. ಅದನ್ನು 60 ಮಿಲಿಮೀಟರಿಗೆ ಹಿಗ್ಗಿಸಿದಾಗ ಒಂದು ಮನೆ 2.4 ಮಿಲಿಮೀಟರ್ ಆಯಿತು. ನಾಲ್ಕು ಮನೆಯ ಖಾಲಿ ಎಂದರೆ 9.6, ಪ್ರತಿ ಬದಿಗೆ ಹತ್ತು ಎಂದೇ ಹಿಡಿದೆ. ಒಟ್ಟು 80 ಮಿಲಿಮೀಟರಿನ ಬಿಳಿ ಚೌಕ, ನಡುವೆ ಅಚ್ಚ ಕಪ್ಪು ಕೋಡ್. ಹಳೆಯ ಮನೆಗಳ ಸಂಖ್ಯೆಗೇ ಅಂಟಿಕೊಂಡು 57 ಮನೆಯದನ್ನೇ ಹೀಗೆ ಹಿಗ್ಗಿಸಲು ಹೋಗಿದ್ದರೆ ಕೋಡೇ 137 ಮಿಲಿಮೀಟರ್ ಆಗುತ್ತಿತ್ತು, ಪೋಸ್ಟರಿನ ಅರ್ಧದಷ್ಟು ಅಗಲ.

ಪ್ರಿಂಟ್ ಅಂಗಡಿಯವರು "ವಾಟ್ಸಾಪ್ ಮಾಡಿ ಅಕ್ಕಾ" ಎಂದರು. ಫೋಟೋ ಆಗಿ ಹೋದರೆ ಗೆರೆಗಳ ಅಂಚು ಮಸುಕಾಗುತ್ತದೆಂದು ಪಿಡಿಎಫ್ ಆಗಿ ಕಳಿಸಿದೆ. ಒಂದನ್ನು ಮಾತ್ರ ಮೊದಲು ಅಚ್ಚು ಹಾಕಿಸಿ, ಅಂಗಡಿಯ ಗೋಡೆಗೆ ಅಂಟಿಸಿ, ದೀಪ ಆರಿಸಿ, ನನ್ನ ಫೋನಿನಲ್ಲೂ ಅಂಗಡಿಯ ಹುಡುಗನ ಬಿರುಕು ಬಿಟ್ಟ ಫೋನಿನಲ್ಲೂ ಎರಡು ಹೆಜ್ಜೆ ದೂರದಿಂದ ನೋಡಿದೆವು. ಎರಡೂ ಓದಿದವು. ಉಳಿದ ಮೂವತ್ತೊಂಬತ್ತು ಆಮೇಲೆ.

ಸ್ಟಿಕ್ಕರ್ ಅಂಟಿಸುವಾಗ ಚಿತ್ತಾರದ ಮೂಲೆಯೊಂದು ಪೂರ್ತಿ ಮುಚ್ಚಿಹೋಯಿತು. ವಾರಗಟ್ಟಲೆ ಕೂತು ಎಳೆದ ಗೆರೆಗಳು. ಮೊದಲ ಹತ್ತು ಪೋಸ್ಟರಿಗೆ ಅಂಟಿಸುವಾಗ ಸಂಕಟವಾಯಿತು, ನಂತರ ಕೈ ತಾನೇ ನಡೆಯಿತು.

ಶುಕ್ರವಾರ ಸಂಜೆ ನೋಂದಣಿಯ ಪಟ್ಟಿಯಲ್ಲಿ ಮೇಷ್ಟ್ರ ಹೆಸರಿತ್ತು, ಜೊತೆಗೆ ಅವರ ಮನೆಯ ಇನ್ನೂ ಇಬ್ಬರದ್ದು. ಭಾನುವಾರ ಬಾಗಿಲಲ್ಲಿ ಸಿಕ್ಕಾಗ ನಕ್ಕರು. "ಚಿತ್ರ ಹಾಳಾಯ್ತಲ್ಲಮ್ಮಾ, ಅಷ್ಟು ದೊಡ್ಡ ಬಿಳಿ ತೇಪೆ."

ಈಗ ಪೋಸ್ಟರ್ ಶುರುಮಾಡುವಾಗ ಖಾಲಿ ಪುಟದ ಮೇಲೆ ಮೊದಲು ಇಡುವುದು ಆ ಬಿಳಿ ಚೌಕವನ್ನೇ. ಚಿತ್ತಾರ ಅದನ್ನು ಬಳಸಿಕೊಂಡು ಹೋಗುತ್ತದೆ.