ಹಳೇ ಫೋನಿಗೆ ಚಾಚಾ, ಹೊಸ ಲ್ಯಾಪ್‌ಟಾಪಿಗೆ ಎಇಎಸ್

ನಮ್ಮ ರೂಮಿನಲ್ಲಿ ಮೂರು ಲ್ಯಾಪ್‌ಟಾಪ್, ನಾಲ್ಕು ಫೋನ್ ಇವೆ. ಎಲ್ಲವೂ ಒಂದೇ ಓಪನ್‌ವಿಪಿಎನ್ ಸರ್ವರಿಗೆ ಹೋಗುತ್ತವೆ. ಸರ್ವರ್ ಅಂದ್ರೆ ದೊಡ್ಡದೇನಲ್ಲ, ನಮ್ಮಲ್ಲೊಬ್ಬನ ಮನೆಯಲ್ಲಿರುವ ಡೆಸ್ಕ್‌ಟಾಪ್. ಲ್ಯಾಬ್ ಫೈಲು, ಸಿಮ್ಯುಲೇಶನ್ ಎಲ್ಲ ಅದರಲ್ಲೇ. ಲ್ಯಾಪ್‌ಟಾಪುಗಳಿಗೆ ವಿಪಿಎನ್ ಆನ್ ಇದೆಯೋ ಇಲ್ಲವೋ ಗೊತ್ತೇ ಆಗಲ್ಲ. ಆದರೆ ಲ್ಯಾಪ್‌ಟಾಪ್ ಇಲ್ಲದ ನಾಲ್ಕನೆಯವನ ಹತ್ತಿರ ಇರುವುದು ಅಣ್ಣನಿಂದ ಬಂದ ಹಳೇ ಫೋನು. ವಿಪಿಎನ್ ಹಾಕಿ ಒಂದು ಲೆಕ್ಚರ್ ವಿಡಿಯೋ ನೋಡಿದರೆ ಫೋನಿನ ಬೆನ್ನು ಬಿಸಿ, ಮಧ್ಯಾಹ್ನದ ಕ್ಲಾಸಿಗೆ ಬರುವಷ್ಟರಲ್ಲಿ ಬ್ಯಾಟರಿ ಖಾಲಿ. ಅದೇ ಸರ್ವರು, ಅದೇ ವೈಫೈ, ಹೀಗ್ಯಾಕೆ ಅಂತ ಹುಡುಕುತ್ತಾ ಹೋಗಿ ನಾವು ತಲುಪಿದ್ದು ಗೂಢಲಿಪಿಯ ಒಳಗೆ.

ಮೊದಲು ಫೋನಿನ ಪ್ರೊಸೆಸರಿಗೆ ಏನು ಬರತ್ತೆ, ಏನು ಬರಲ್ಲ ಅಂತ ಅದನ್ನೇ ಕೇಳಿದೆವು. ಕೇಬಲ್ ಹಾಕಿ ಇಷ್ಟು ಟೈಪ್ ಮಾಡಿದರೆ ಸಾಕು:

```
adb shell cat /proc/cpuinfo | grep -m1 Features
```

ಬಂದ ಸಾಲಿನಲ್ಲಿ `neon` ಇತ್ತು, `vfpv4` ಇತ್ತು. `aes` ಮತ್ತು `pmull` ಎರಡೂ ಇರಲಿಲ್ಲ. ಅದು ಕಾರ್ಟೆಕ್ಸ್-ಎ7, 32 ಬಿಟ್ಟಿನ ಎಆರ್‌ಎಂ. ಎಇಎಸ್‌ಗೆ ಅಂತಲೇ ಇರುವ ಸೂಚನೆಗಳು ಎಆರ್‌ಎಂನಲ್ಲಿ ಬಂದದ್ದು ಅದರ ಮುಂದಿನ ಪೀಳಿಗೆಯಲ್ಲಿ, ಅಂದರೆ ಎಂಟನೇ ಆವೃತ್ತಿಯಲ್ಲಿ. ಅಲ್ಲೂ ಅವು ಕಡ್ಡಾಯವಲ್ಲ, ಚಿಪ್ ಮಾಡುವವರು ಬೇಕಾದರೆ ಹಾಕಬಹುದು. ರಾಸ್ಪ್‌ಬೆರಿ ಪೈ 4 ಎಂಟನೇ ಆವೃತ್ತಿಯದ್ದೇ ಆದರೂ ಅದರಲ್ಲಿ ಈ ಸೂಚನೆಗಳಿಲ್ಲ. ಪೈ 5ರಲ್ಲಿ ಇವೆ. ನಮ್ಮ ಲ್ಯಾಪ್‌ಟಾಪುಗಳಲ್ಲಿ `grep -o -m1 -w aes /proc/cpuinfo` ಅಂದಾಗ ಮೂರರಲ್ಲೂ `aes` ಅಂತ ಉತ್ತರ ಬಂತು. ಇಂಟೆಲ್ ಇದನ್ನು 2010ರ ವೆಸ್ಟ್‌ಮಿಯರ್ ಚಿಪ್ಪುಗಳಿಂದಲೇ ಕೊಡುತ್ತಾ ಬಂದಿದೆ.

ಆ ಒಂದು ಪದ ಇಲ್ಲದಿದ್ದರೆ ಏನಾಗತ್ತೆ? ಎಇಎಸ್ ಡೇಟಾವನ್ನು 16 ಬೈಟುಗಳ ತುಂಡು ಮಾಡಿ, ಪ್ರತಿ ತುಂಡನ್ನೂ 10 ಸುತ್ತು (ಕೀಲಿ 256 ಬಿಟ್ ಆದರೆ 14 ಸುತ್ತು) ಕಲಸುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿ ಬೈಟನ್ನು 256 ಮನೆಗಳ ಒಂದು ಕೋಷ್ಟಕದಲ್ಲಿ ನೋಡಿ ಬದಲಿಸಬೇಕು. ಹಾರ್ಡ್‌ವೇರಿನಲ್ಲಿ ಈ ಕೋಷ್ಟಕವೆಲ್ಲ ಗೇಟುಗಳಾಗಿ ಕೂತಿರತ್ತೆ. ಇಂಟೆಲ್ ಚಿಪ್ಪಿನಲ್ಲಿ `AESENC` ಅನ್ನುವ ಒಂದೇ ಸೂಚನೆ ಪೂರ್ತಿ ಒಂದು ಸುತ್ತು ಮುಗಿಸಿಬಿಡತ್ತೆ. ಜಿಸಿಎಂ ವಿಧಾನದಲ್ಲಿ ತುಂಡುಗಳು ಒಂದನ್ನೊಂದು ಕಾಯುವುದಿಲ್ಲ. ಹಾಗಾಗಿ ಎಂಟು ತುಂಡುಗಳನ್ನು ಒಟ್ಟಿಗೆ ಪೈಪ್‌ಲೈನಿಗೆ ತಳ್ಳಬಹುದು. ಬೈಟಿಗೆ ಒಂದು ಕ್ಲಾಕ್ ಸೈಕಲ್ ಕೂಡ ಖರ್ಚಾಗುವುದಿಲ್ಲ. ಲ್ಯಾಪ್‌ಟಾಪುಗಳಿಗೆ ಏನೂ ಅನ್ನಿಸದೇ ಇದ್ದದ್ದು ಇದಕ್ಕೇ.

ಸಾಫ್ಟ್‌ವೇರಿನಲ್ಲಿ ಮಾಡುವಾಗ ಆ ಕೋಷ್ಟಕ ಮೆಮೊರಿಯಲ್ಲಿರಬೇಕು. ವೇಗಕ್ಕೆ ಅಂತ ಅದನ್ನು ಹಿಗ್ಗಿಸಿ, ಒಂದೊಂದು ಕೆಬಿಯ ನಾಲ್ಕು ಟೇಬಲ್ ಮಾಡುತ್ತಾರೆ. ಒಂದು ಸುತ್ತಿಗೆ 16 ಸಲ ಅದರಲ್ಲಿ ಹುಡುಕಾಟ. ಇದು ನಿಧಾನ ಅನ್ನುವುದು ಒಂದು ಕಡೆ. ಇನ್ನೊಂದು ಕಡೆ ಇದು ಕೀಲಿಯನ್ನೇ ಸೋರಿಸತ್ತೆ! ಹೇಗೆ ಅಂತ ನಾವು ಹಾಳೆಯ ಮೇಲೆ ಒಂದು ಬೈಟಿಗೆ ಲೆಕ್ಕ ಹಾಕಿ ನೋಡಿದೆವು. ಮೊದಲ ಸುತ್ತಿನಲ್ಲಿ ಯಾವ ಮನೆ ನೋಡಬೇಕು ಅನ್ನುವುದು ಒಳಬಂದ ಬೈಟ್ ಮತ್ತು ಕೀಲಿಯ ಬೈಟ್ ಎರಡರ ಎಕ್ಸಾರ್. ಜಿಸಿಎಂನಲ್ಲಿ ಒಳಗೆ ಹೋಗುವುದು ಒಂದು ಕೌಂಟರ್, ಅದನ್ನು ಊಹಿಸುವುದು ಕಷ್ಟವಲ್ಲ. ಅದರ ಬೈಟ್ `0x02` ಅಂತ ಇಟ್ಟುಕೊಳ್ಳಿ. ಕ್ಯಾಶ್ ಮೆಮೊರಿಯಲ್ಲಿ ಒಂದು ಸಾಲು 64 ಬೈಟ್ ಆದರೆ ಟೇಬಲಿನ 16 ಮನೆಗಳು ಒಂದು ಸಾಲಿನಲ್ಲಿ ಕೂರುತ್ತವೆ. ಅದೇ ಪ್ರೊಸೆಸರಿನಲ್ಲಿ ಓಡುತ್ತಿರುವ ಇನ್ನೊಂದು ಪ್ರೋಗ್ರಾಮು, ಯಾವ ಸಾಲು ಬಳಕೆಯಾಯಿತು ಅಂತ ಸಮಯ ಅಳೆದು ಪತ್ತೆ ಮಾಡಿತು ಅನ್ನಿ, ಮತ್ತು ಅದು `0xA0`ಯಿಂದ `0xAF`ವರೆಗಿನ ಸಾಲು. `0x02` ಜೊತೆ ಎಕ್ಸಾರ್ ಮಾಡಿದರೂ ಮೇಲಿನ ಅರ್ಧ `A` ಹಾಗೇ ಉಳಿಯತ್ತೆ. ಅಂದರೆ ಕೀಲಿಯ ಆ ಬೈಟಿನ ಮೇಲಿನ ನಾಲ್ಕು ಬಿಟ್ ಸಿಕ್ಕಿಹೋಯಿತು! ಹದಿನಾರೂ ಬೈಟಿಗೆ ಹೀಗೇ ಮಾಡಿದರೆ 128ರಲ್ಲಿ 64 ಬಿಟ್ ಬಯಲು. ಉಳಿದದ್ದಕ್ಕೆ ಎರಡನೇ ಸುತ್ತನ್ನು ನೋಡುತ್ತಾರೆ. ನಿಜ ಜಗತ್ತಿನಲ್ಲಿ ಗದ್ದಲ ಜಾಸ್ತಿ, ಸಾವಿರಾರು ಸಲ ಅಳೆಯಬೇಕು. ಆದರೂ ಡೇನಿಯಲ್ ಬರ್ನ್‌ಸ್ಟೈನ್ 2005ರಲ್ಲೇ ಟೇಬಲ್‌ಗಳ ಈ ಸೋರಿಕೆಯಿಂದ ಕೀಲಿ ತೆಗೆದು ತೋರಿಸಿದ್ದರು. ಟೇಬಲ್ ಇಲ್ಲದೆ ಸಾಫ್ಟ್‌ವೇರ್ ಎಇಎಸ್ ಬರೆಯುವ ದಾರಿಗಳಿವೆ. ಆದರೆ ಸಣ್ಣ ಪ್ರೊಸೆಸರಿನಲ್ಲಿ ಸುರಕ್ಷತೆಗೆ ವೇಗವನ್ನು ತೆರಬೇಕಾಗತ್ತೆ.

ಅದೇ ಬರ್ನ್‌ಸ್ಟೈನ್ 2008ರಲ್ಲಿ ಮಾಡಿದ್ದು ಚಾಚಾ. ಅದಕ್ಕೂ ಮೊದಲು ಮಾಡಿದ್ದು ಸಾಲ್ಸಾ. ಎರಡೂ ನೃತ್ಯದ ಹೆಸರುಗಳು, ಆದರೆ ಹಿಂದಿ ಬಲ್ಲ ನಮ್ಮ ಪಕ್ಕದ ರೂಮಿನವರಿಗೆ ಇದು ಈಗಲೂ 'ಚಿಕ್ಕಪ್ಪನ ಸೈಫರ್'. ಚಾಚಾದಲ್ಲಿ ಟೇಬಲ್ ಅನ್ನುವುದೇ ಇಲ್ಲ. 32 ಬಿಟ್ಟಿನ 16 ಪದಗಳನ್ನು ನಾಲ್ಕು ಸಾಲು, ನಾಲ್ಕು ಕಂಬಗಳಾಗಿ ಜೋಡಿಸಿ, ನಾಲ್ಕು ನಾಲ್ಕನ್ನು ಎತ್ತಿಕೊಂಡು ಹೀಗೆ ಕಲಸುತ್ತಾರೆ:

```
a += b; d ^= a; d <<<= 16;
c += d; b ^= c; b <<<= 12;
a += b; d ^= a; d <<<= 8;
c += d; b ^= c; b <<<= 7;
```

ಕೂಡು, ಎಕ್ಸಾರ್ ಮಾಡು, ತಿರುಗಿಸು, ಅಷ್ಟೇ. `a` = `0x11111111`, `b` = `0x01020304`, `d` = `0x01234567` ಅಂತ ತಗೊಂಡರೆ ಮೊದಲ ಸಾಲಿನಲ್ಲಿ `a` ಆಗುವುದು `0x12131415`. ಅದನ್ನು `d` ಜೊತೆ ಎಕ್ಸಾರ್ ಮಾಡಿದರೆ `0x13305172`. 16 ಬಿಟ್ ತಿರುಗಿಸಿದರೆ ಎರಡು ಅರ್ಧಗಳು ಜಾಗ ಬದಲಿಸಿಕೊಂಡು `0x51721330`. ನಾಲ್ಕೂ ಸಾಲು ಸೇರಿ ಕಾಲು ಸುತ್ತು. ಅಂಥ 80 ಕಾಲು ಸುತ್ತು ಆದಮೇಲೆ 64 ಬೈಟುಗಳ ಗೂಢಧಾರೆ ಸಿಗತ್ತೆ, ಅದನ್ನು ನಮ್ಮ ಡೇಟಾ ಜೊತೆ ಎಕ್ಸಾರ್ ಮಾಡಿದರೆ ಆಯಿತು. ಕೀಲಿ ಏನೇ ಇರಲಿ, ಕೂಡುವುದಕ್ಕೆ ಹಿಡಿಯುವ ಸಮಯ ಬದಲಾಗುವುದಿಲ್ಲ. ಕ್ಯಾಶ್ ನೋಡುತ್ತಾ ಕೂತವನಿಗೆ ಏನೂ ಸಿಗಲ್ಲ. ಇನ್ನು ಆ ಹಳೇ ಫೋನಿನಲ್ಲಿ ಕಂಡ `neon` ಪದ ಇದೆಯಲ್ಲ, ಅದು ನಾಲ್ಕು 32 ಬಿಟ್ ಸಂಖ್ಯೆಗಳನ್ನು ಒಂದೇ ಏಟಿಗೆ ಕೂಡುವ ಸಾಮರ್ಥ್ಯ. ಚಾಚಾದ ನಾಲ್ಕು ಕಂಬಗಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಅದು ಹೊಂದಿಕೊಳ್ಳತ್ತೆ.

ಪ್ಯಾಕೆಟ್ಟನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲ ಅಂತ ಖಾತ್ರಿ ಮಾಡುವ ಕೆಲಸದಲ್ಲೂ ಇದೇ ಕಥೆ. ಜಿಸಿಎಂ ಬಳಸುವುದು ಕ್ಯಾರಿ ಇಲ್ಲದ ಒಂದು ವಿಚಿತ್ರ ಗುಣಾಕಾರ, ಅದಕ್ಕೆ `pmull` ಥರದ ಸೂಚನೆ ಬೇಕು. ಚಾಚಾದ ಜೊತೆಗಾರ ಪಾಲಿ1305ಕ್ಕೆ ಸಾಮಾನ್ಯ ಗುಣಾಕಾರ ಸಾಕು.

ಈಗ ಅಂಕಿಗಳು. ಚಾಚಾ-ಪಾಲಿ1305ನ್ನು ವಿವರಿಸುವ 2015ರ ಆರ್‌ಎಫ್‌ಸಿ 7539ರ ಕೊನೆಯಲ್ಲಿ ಒಂದು ಪುಟ್ಟ ಪಟ್ಟಿ ಇದೆ. ಗ್ಯಾಲಕ್ಸಿ ನೆಕ್ಸಸ್ ಫೋನಿನಲ್ಲಿದ್ದ ಓಮ್ಯಾಪ್ 4460 ಚಿಪ್ಪು ಎಇಎಸ್-128-ಜಿಸಿಎಂನಲ್ಲಿ ಸೆಕೆಂಡಿಗೆ 24.1 ಎಂಬಿ ಮಾಡಿದರೆ, ಚಾಚಾದಲ್ಲಿ 75.3 ಎಂಬಿ. ಎಇಎಸ್ ಸೂಚನೆಗಳಿರುವ ಸ್ಯಾಂಡಿಬ್ರಿಜ್ ಝಿಯಾನ್‌ನಲ್ಲಿ ತಿರುವುಮುರುವು: ಎಇಎಸ್ 900, ಚಾಚಾ 500. ಇವೆರಡನ್ನೂ ವಿಪಿಎನ್ನಿನ ಎರಡು ತುದಿಗಳು ಅಂದುಕೊಳ್ಳಿ. ಎಇಎಸ್ ಆರಿಸಿದರೆ ಇಡೀ ಕೊಳವೆಯ ಮಿತಿ 24.1, ಚಾಚಾ ಆರಿಸಿದರೆ 75.3. ಸರ್ವರ್ 900ರಿಂದ 500ಕ್ಕೆ ಇಳಿದದ್ದು ಯಾರಿಗೂ ಕಾಣುವುದೇ ಇಲ್ಲ.

'ಅಯ್ಯೋ, ಹಾಸ್ಟೆಲ್ ವೈಫೈಗೆ 24 ಎಂಬಿ ಧಾರಾಳ ಆಯ್ತಲ್ಲ' ಅಂತ ನೀವು ಕೇಳಬಹುದು. ಸರಿ, ಸಂಪರ್ಕ 30 ಎಂಬಿಪಿಎಸ್ ಅಂತಲೇ ಇಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 3.75 ಎಂಬಿ. ಅಷ್ಟನ್ನು ಬಿಡಿಸಲು ಆ ಚಿಪ್ಪಿನಲ್ಲಿ ಎಇಎಸ್‌ಗೆ ಒಂದು ಕೋರಿನ ಸುಮಾರು ನೂರಕ್ಕೆ 16 ಭಾಗ ಸಮಯ ಬೇಕು, ಚಾಚಾಗೆ ನೂರಕ್ಕೆ 5. ವಿಡಿಯೋ ಎರಡರಲ್ಲೂ ಒಂದೇ ಥರ ಓಡತ್ತೆ. ಸ್ಪೀಡ್ ಟೆಸ್ಟ್ ಮಾಡಿದರೆ ವ್ಯತ್ಯಾಸವೇ ಕಾಣಲ್ಲ. ಕಾಣುವುದು ಬಿಸಿಯಾದ ಬೆನ್ನಿನಲ್ಲಿ ಮತ್ತು ಬ್ಯಾಟರಿಯಲ್ಲಿ.

ಹಾಗಾದರೆ ಫೋನು ಚಾಚಾ ಕೇಳಬಹುದಿತ್ತಲ್ಲ? ನಮಗೆ ತುಂಬಾ ಸಿಟ್ಟು ಬಂದದ್ದು ಇಲ್ಲೇ. ಓಪನ್‌ವಿಪಿಎನ್ 2.6ರಲ್ಲಿ ಮೊದಲೇ ಇರುವ ಪಟ್ಟಿ ಇದು: `AES-256-GCM:AES-128-GCM:CHACHA20-POLY1305`. ಸರ್ವರ್ ತನ್ನ ಪಟ್ಟಿಯನ್ನು ಮೇಲಿಂದ ಓದಿ, ಎದುರಿನವರಿಗೆ ಬರುವ ಮೊದಲ ಹೆಸರನ್ನು ಆರಿಸಿಬಿಡತ್ತೆ. ಹಳೇ ಫೋನಿಗೂ ಎಇಎಸ್ 'ಬರತ್ತೆ', ಏದುಸಿರು ಬಿಟ್ಟುಕೊಂಡು. ಅದರ ಪ್ರೊಸೆಸರ್ ಎಂಥದ್ದು ಅಂತ ಯಾರೂ ಕೇಳುವುದಿಲ್ಲ. ಸರ್ವರಿನವರ ಅನುಕೂಲಕ್ಕೆ ಬರೆದ ಪಟ್ಟಿಯ ಬಿಲ್ಲನ್ನು ಅತಿ ಅಗ್ಗದ ಫೋನಿನವನು ಕಟ್ಟುತ್ತಾನೆ. ಪರಿಹಾರ ಒಂದೇ ಸಾಲು, ಅವನ ಫೋನಿನ ಕಾನ್ಫಿಗ್ ಫೈಲಿನಲ್ಲಿ:

```
data-ciphers CHACHA20-POLY1305
```

ಈಗ ಫೋನು 'ನನಗೆ ಇದೊಂದೇ ಬರೋದು' ಅನ್ನತ್ತೆ. ಸರ್ವರ್ ಪಟ್ಟಿಯಲ್ಲಿ ಮೂರನೆಯದಾಗಿ ಅದು ಇರುವುದರಿಂದ ಒಪ್ಪಿಕೊಳ್ಳತ್ತೆ. ಪಟ್ಟಿಯಲ್ಲೇ ಇಲ್ಲದಿದ್ದರೆ ಸಂಪರ್ಕ ಆಗುವುದಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ. ಆಯಿತೋ ಇಲ್ಲವೋ ಅಂತ ತಿಳಿಯಲು ಲಾಗಿನಲ್ಲಿ `Data Channel` ಅಂತಿರುವ ಸಾಲು ಹುಡುಕಿ, ಸೈಫರಿನ ಹೆಸರು ಅಲ್ಲೇ ಇರತ್ತೆ. ಲ್ಯಾಪ್‌ಟಾಪುಗಳ ಫೈಲನ್ನು ನಾವು ಮುಟ್ಟಲಿಲ್ಲ. ಅವು ಎಇಎಸ್‌ನಲ್ಲೇ ಇವೆ, ಇರಬೇಕು ಕೂಡ. ವೈರ್‌ಗಾರ್ಡ್ ಬಳಸುವವರಿಗೆ ಈ ತಲೆನೋವಿಲ್ಲ. ಅದರಲ್ಲಿ ಇರುವುದೇ ಚಾಚಾ-ಪಾಲಿ1305 ಒಂದು, ಆಯ್ಕೆಯೂ ಇಲ್ಲ, ಚೌಕಾಸಿಯೂ ಇಲ್ಲ.

ಆದರೆ 'ಫೋನ್ ಅಂದರೆ ಚಾಚಾ' ಅಂತ ಬಾಯಿಪಾಠ ಮಾಡಬೇಡಿ. ನಮ್ಮ ಉಳಿದ ಮೂರು ಫೋನುಗಳ `Features` ಸಾಲಿನಲ್ಲಿ `aes` ಇದೆ, ಅವುಗಳಿಗೆ ಎಇಎಸ್ ಏನೂ ಭಾರವಲ್ಲ. ಲ್ಯಾಪ್‌ಟಾಪಿನ ಕಥೆಯನ್ನೂ ತಲೆಕೆಳಗು ಮಾಡಿ ನೋಡಬಹುದು. ಇಂಟೆಲ್ ಅಥವಾ ಎಎಂಡಿ ಲಿನಕ್ಸ್ ಯಂತ್ರದಲ್ಲಿ ಈ ಮೂರನ್ನೂ ಓಡಿಸಿ:

```
openssl speed -evp chacha20-poly1305
openssl speed -evp aes-256-gcm
OPENSSL_ia32cap="~0x200000200000000" openssl speed -evp aes-256-gcm
```

ಮೂರನೆಯದು ಎಇಎಸ್ ಸೂಚನೆಗಳನ್ನೂ ಆ ವಿಚಿತ್ರ ಗುಣಾಕಾರವನ್ನೂ ಓಪನ್‌ಎಸ್‌ಎಸ್‌ಎಲ್‌ನಿಂದ ಮುಚ್ಚಿಡತ್ತೆ. ಮೊದಲ ಎರಡರಲ್ಲಿ ಎಇಎಸ್ ಮುಂದಿತ್ತು. ಮೂರನೆಯದರಲ್ಲಿ ಅದೇ ಯಂತ್ರ, ಅದೇ ಸೈಫರ್, ಚಾಚಾಗಿಂತ ಎಷ್ಟೋ ಹಿಂದೆ ಬಿತ್ತು. ಫೋನಿನ ಯಜಮಾನ ಅದನ್ನು ಎರಡು ಸಲ ಓಡಿಸಿ ನೋಡಿ, 'ಈಗ ನಿಮ್ಮದೂ ನನ್ನ ಫೋನೇ' ಅಂದ.