ಅರ್ಥವಾಗದೆಯೂ ಐದಕ್ಕೆ ಐದು

ಮೊದಲು ಈ ಎರಡು ವಾಕ್ಯ ಓದಿ. "ಒಂದು ಗುಬಲು ತೋಮಿನಲ್ಲಿ ಲಟವನ್ನು ಮಿರುಕಿತು. ಲಟ ಸಿಗದ ಚಿಂಪು ಗುಬಲಿಗೆ ಝರಿಸಿತು."

ಈಗ ಪ್ರಶ್ನೆಗಳು. ಗುಬಲು ಎಲ್ಲಿ ಮಿರುಕಿತು? ತೋಮಿನಲ್ಲಿ. ಗುಬಲು ಏನನ್ನು ಮಿರುಕಿತು? ಲಟವನ್ನು. ಗುಬಲಿಗೆ ಝರಿಸಿದ್ದು ಯಾವುದು? ಚಿಂಪು.

ಮೂರಕ್ಕೆ ಮೂರು ಅಂಕ ಬಂತಲ್ಲ? ಗುಬಲು ಪ್ರಾಣಿಯೋ ಪಾತ್ರೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ಪದಗಳನ್ನೆಲ್ಲ ನಾನೇ ಹುಟ್ಟಿಸಿದ್ದು.

ಮೂರನೇ ಕ್ಲಾಸಿನಲ್ಲಿರುವ ನನ್ನ ಮಗಳು ಕನ್ನಡದ 'ಗದ್ಯಭಾಗ ಓದಿ ಉತ್ತರಿಸಿ' ವಿಭಾಗದಲ್ಲಿ ಐದಕ್ಕೆ ಐದು ತರುತ್ತಿದ್ದಳು. ಅದೇ ವಾರ ಊರಿನಿಂದ ಅವಳ ಅಜ್ಜಿ ನಾಲ್ಕು ಸಾಲಿನ ಪತ್ರ ಕಳಿಸಿದ್ದರು. ಅದನ್ನು ಒತ್ತಕ್ಷರ ತಪ್ಪದೆ, ಗಟ್ಟಿಯಾಗಿ, ಚೆನ್ನಾಗಿಯೇ ಓದಿದಳು. ಓದಿ ಮುಗಿಸಿ, "ಅಪ್ಪಾ, ಅಜ್ಜಿ ಏನು ಹೇಳ್ತಿದ್ದಾರೆ?" ಅಂದಳು. ಅಂಕಪಟ್ಟಿ ಒಂದು ಹೇಳುತ್ತಿತ್ತು, ಪತ್ರ ಇನ್ನೊಂದು. ಅವಳ ನೋಟ್‌ಬುಕ್ಕಿನ ಪ್ರಶ್ನೆಗಳನ್ನು ಕೂತು ನೋಡಿದೆ. ಎಲ್ಲವೂ ಗುಬಲು ಜಾತಿಯವೇ.

ಈ ತೊಂದರೆಗೆ ಕನ್ನಡದಲ್ಲೇ ಒಂದು ಕಾರಣವಿದೆ. ನಮ್ಮ ಪ್ರಶ್ನೆಪದ ತನ್ನ ಉತ್ತರದ ಬಾಲವನ್ನು ತಾನೇ ತೋರಿಸಿಬಿಡುತ್ತದೆ. 'ಎಲ್ಲಿ' ಎಂದರೆ 'ಮನೆಯಲ್ಲಿ'. 'ಯಾರಿಗೆ' ಎಂದರೆ 'ಅಮ್ಮನಿಗೆ'. 'ಯಾರಿಂದ' ಎಂದರೆ 'ಅಣ್ಣನಿಂದ'. 'ಯಾವುದನ್ನು' ಎಂದರೆ 'ಹಣ್ಣನ್ನು'. ವಿಭಕ್ತಿ ಪ್ರತ್ಯಯ ಪ್ರಶ್ನೆಯಲ್ಲೂ ಉತ್ತರದಲ್ಲೂ ಒಂದೇ. ಮಗು ಮಾಡಬೇಕಾದ ಕೆಲಸ ಎರಡೇ: ಪ್ರಶ್ನೆಯಲ್ಲಿರುವ ಕ್ರಿಯಾಪದ ಇರುವ ಸಾಲನ್ನು ಹುಡುಕುವುದು, ಅದರಲ್ಲಿ ಅದೇ ಬಾಲದ ಪದವನ್ನು ಎತ್ತಿ ಬರೆಯುವುದು. ಚುರುಕಾದ ಮಕ್ಕಳು ಇದನ್ನು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ. ಅದು ಮೋಸವೇನಲ್ಲ, ಪ್ರಶ್ನೆ ಕೇಳಿದ್ದು ಅಷ್ಟನ್ನೇ.

ಹಾಗಾದರೆ ಅರ್ಥ ಆಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನಾನು ಒಂದು ಚಿಕ್ಕ ಗದ್ಯ ಬರೆದೆ.

"ಶನಿವಾರ ಮಧ್ಯಾಹ್ನ ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಲು ಇಟ್ಟಿದ್ದರು. 'ಕಾಗೆ ಬಂದರೆ ಓಡಿಸು' ಎಂದು ಸೋಮುವಿಗೆ ಹೇಳಿ ಒಳಗೆ ಹೋದರು. ಸೋಮು ಕೋಲು ಹಿಡಿದು ಕುಳಿತ. ಸ್ವಲ್ಪ ಹೊತ್ತಿಗೆ ಆಕಾಶ ಕಪ್ಪಾಯಿತು. ತಣ್ಣನೆ ಗಾಳಿ ಬೀಸಿತು. ಸೋಮು ಕೋಲು ಬಿಸಾಡಿ, 'ಅಜ್ಜೀ, ಬೇಗ ಬಾ!' ಎಂದು ಕೂಗಿದ. ಅವರು ಬರುವಷ್ಟರಲ್ಲಿ ಅವನು ಅರ್ಧದಷ್ಟು ಹಪ್ಪಳಗಳನ್ನು ಒಳಗೆ ಸಾಗಿಸಿದ್ದ. ಅಜ್ಜಿ ಅವನ ತಲೆ ಸವರಿ, 'ಕಾಗೆಗಿಂತ ದೊಡ್ಡ ಕಳ್ಳ ಬಂದ ನೋಡು' ಎಂದು ನಕ್ಕರು."

ಇಡೀ ಗದ್ಯದಲ್ಲಿ 'ಮಳೆ' ಎಂಬ ಪದ ಒಮ್ಮೆಯೂ ಇಲ್ಲ. ಬೇಕೆಂದೇ ಬಿಟ್ಟಿದ್ದು.

ಮೊದಲ ಪ್ರಶ್ನೆಯಾಗಿ "ಅಜ್ಜಿ ಹಪ್ಪಳವನ್ನು ಎಲ್ಲಿ ಒಣಗಲು ಇಟ್ಟಿದ್ದರು?" ಎಂದು ಕೇಳಿದರೆ 'ಅಂಗಳದಲ್ಲಿ' ಎಂದು ತಕ್ಷಣ ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ ಅಂಗಳ ಎಂದರೇನು ಎಂದು ಗೊತ್ತಿಲ್ಲದಿದ್ದರೂ ಬರುತ್ತದೆ. ಹಾಗಾಗಿ ಅದೇ ವಿಷಯವನ್ನು ಬೇರೆ ಮಾತಿನಲ್ಲಿ ಕೇಳಿದೆ: "ಹಪ್ಪಳ ಮನೆಯ ಒಳಗಿತ್ತೋ, ಹೊರಗಿತ್ತೋ?" ಈಗ ಎತ್ತಿ ಬರೆಯಲು ಪದವೇ ಇಲ್ಲ. ಅಂಗಳ ಗೊತ್ತಿರಬೇಕು, ಇಲ್ಲವೇ 'ಒಳಗೆ ಹೋದರು' ಎಂಬ ಮುಂದಿನ ಸಾಲಿನಿಂದ ಊಹಿಸಬೇಕು. ಎರಡರಲ್ಲಿ ಯಾವುದಾದರೂ ಅದು ಓದೇ. ಆದರೆ ಎರಡು ಆಯ್ಕೆಯ ಪ್ರಶ್ನೆಗೆ ಕಣ್ಣು ಮುಚ್ಚಿ ಹೇಳಿದರೂ ಅರ್ಧದಷ್ಟು ಸಲ ಸರಿಯಾಗುತ್ತದೆ. ಆದ್ದರಿಂದ ಹಿಂದೆಯೇ "ಹೇಗೆ ಗೊತ್ತಾಯ್ತು?" ಎಂದು ಕೇಳಲೇಬೇಕು.

ಎರಡನೆಯದು, "ಒಳಗೆ ಹೋದವರು ಯಾರು?" ನಮಗೆ ಇದು ತೀರಾ ಸುಲಭ ಅನಿಸುತ್ತದೆ. ನನ್ನ ಮಗಳ ಉತ್ತರ "ಸೋಮು" ಎಂದಿತ್ತು. ಆ ಸಾಲನ್ನು ಮತ್ತೆ ನೋಡಿ: "ಸೋಮುವಿಗೆ ಹೇಳಿ ಒಳಗೆ ಹೋದರು." ಅಲ್ಲಿ ಅಜ್ಜಿಯ ಹೆಸರೇ ಇಲ್ಲ. ಕನ್ನಡದಲ್ಲಿ ಕರ್ತೃವನ್ನು ಹೇಳದೆ ಬಿಡುವುದು ಮಾಮೂಲು, ಹಿಂದಿನ ವಾಕ್ಯದಿಂದ ನಾವು ಮನಸ್ಸಿನಲ್ಲೇ ತಂದುಕೊಳ್ಳುತ್ತೇವೆ. 'ಹೇಳಿ' ಎಂದವರು ಯಾರೋ 'ಹೋದರು' ಎಂಬುದೂ ಅವರೇ. ಜೊತೆಗೆ 'ಹೋದರು' ಎಂಬ ಗೌರವದ ರೂಪವೇ ಅದು ಸೋಮು ಅಲ್ಲ ಎನ್ನುತ್ತದೆ, ಸೋಮು ಆಗಿದ್ದರೆ 'ಹೋದ' ಇರುತ್ತಿತ್ತು. ಈ ಎಳೆಯನ್ನು ಹಿಡಿಯದ ಮಗು ಪಕ್ಕದಲ್ಲಿ ಕಂಡ ಹೆಸರನ್ನು ಹಿಡಿಯುತ್ತದೆ. ಇಲ್ಲಿ ಕಳಚಿಕೊಂಡರೆ ಮುಂದಿನ ಕಥೆಯೇ ಗೊಂದಲ: ಒಳಗೆ ಹೋದ ಸೋಮು ಅಂಗಳದಲ್ಲಿ ಕೋಲು ಹಿಡಿದು ಕೂತದ್ದು ಹೇಗೆ? 'ಅವರು ಬರುವಷ್ಟರಲ್ಲಿ' ಎಂಬಲ್ಲಿ 'ಅವರು' ಯಾರು ಎಂಬುದೂ ಇದೇ ಬಗೆಯ ಪ್ರಶ್ನೆ. ಒಂದು ಗದ್ಯಕ್ಕೆ ಇಂಥದ್ದು ಒಂದಾದರೂ ಇರಬೇಕು ಅಂತ ನನ್ನ ಅಭಿಪ್ರಾಯ.

ಮೂರನೆಯದು 'ಯಾಕೆ'. ಆದರೆ ಎಲ್ಲ 'ಯಾಕೆ'ಯೂ ಒಂದೇ ಅಲ್ಲ. ಗದ್ಯದಲ್ಲೇ 'ಆದ್ದರಿಂದ' ಅಥವಾ 'ಏಕೆಂದರೆ' ಇದ್ದರೆ ಮಗು ಅದರ ಪಕ್ಕದ ಸಾಲನ್ನು ಎತ್ತಿ ಬರೆದು ಮುಗಿಸುತ್ತದೆ. "ಸೋಮು ಅಜ್ಜಿಯನ್ನು ಯಾಕೆ ಕೂಗಿದ?" ಎಂಬುದಕ್ಕೆ ಇಲ್ಲಿ ಅಂಥ ಸಾಲಿಲ್ಲ. ಕಪ್ಪಾದ ಆಕಾಶ, ತಣ್ಣನೆ ಗಾಳಿ, ಬಿಸಿಲಿಗಿಟ್ಟ ಹಪ್ಪಳ, ಮೂರನ್ನೂ ಜೋಡಿಸಬೇಕು. ಮಗಳು ಮೊದಲು "ಕಾಗೆ ಬಂತು ಅಂತ" ಎಂದಳು. ಕಾಗೆ ಎಂಬ ಪದ ಗದ್ಯದಲ್ಲಿದೆ, ಮಳೆ ಎಂಬುದಿಲ್ಲ. ಪದ ಹುಡುಕುವ ಅಭ್ಯಾಸ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಈ ಒಂದು ಉತ್ತರ ಸಾಕು.

ಆದರೆ ತಪ್ಪು ಉತ್ತರ ಬಂದ ಕೂಡಲೇ ಓದು ಅರ್ಥವಾಗಿಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ. ಮೂರು ಕಾರಣ ಇರಬಹುದು, ಬೇರೆ ಬೇರೆಯಾಗಿ ನೋಡಬೇಕು.

ಒಂದು, ಮಗುವಿಗೆ ಆ ಲೋಕವೇ ಗೊತ್ತಿಲ್ಲದಿರಬಹುದು. ಪ್ಯಾಕೆಟ್ಟಿನ ಹಪ್ಪಳ ಮಾತ್ರ ಕಂಡ ಮಗುವಿಗೆ, ಅದು ನೆನೆದರೆ ಹಾಳು ಎಂದು ಹೇಗೆ ತಿಳಿಯಬೇಕು? ಗದ್ಯವನ್ನು ಪಕ್ಕಕ್ಕಿಟ್ಟು ಸುಮ್ಮನೆ ಮಾತಿಗೆ ಕೇಳಿ: "ಹಪ್ಪಳ ಒಣಗೋಕೆ ಇಟ್ಟಾಗ ಮಳೆ ಬಂದ್ರೆ ಏನಾಗತ್ತೆ?" ಗೊತ್ತಿಲ್ಲ ಎಂದರೆ ಕೊರತೆ ಓದಿನದ್ದಲ್ಲ, ಅನುಭವದ್ದು. ಎರಡು ಮಾತಿನಲ್ಲಿ ಹೇಳಿ ಮತ್ತೆ ಓದಿಸಿ.

ಎರಡು, ಅಕ್ಷರ ಬಿಡಿಸುವುದರಲ್ಲೇ ಶಕ್ತಿ ಮುಗಿದಿರಬಹುದು. 'ಬರುವಷ್ಟರಲ್ಲಿ' ಎಂಬ ಒಂದೇ ಪದವನ್ನು ಕೂಡಿಸಿ ಓದುವಷ್ಟರಲ್ಲಿ ವಾಕ್ಯದ ಮೊದಲ ಭಾಗ ಮರೆತಿರುತ್ತದೆ. ಮೂರು, ಅಕ್ಷರವೆಲ್ಲ ಬಂದರೂ ಭಾಷೆಯೇ ಸಾಲದಿರಬಹುದು. ಇವೆರಡನ್ನು ಬೇರ್ಪಡಿಸಲು ಸುಲಭದ ಉಪಾಯವಿದೆ: ಹೆಚ್ಚುಕಮ್ಮಿ ಅಷ್ಟೇ ಕಷ್ಟದ ಇನ್ನೊಂದು ಗದ್ಯವನ್ನು ನೀವೇ ಓದಿ ಹೇಳಿ, ಅದೇ ಬಗೆಯ ಪ್ರಶ್ನೆ ಕೇಳಿ. ಕೇಳಿಸಿಕೊಂಡಾಗ ಸರಿ ಹೇಳಿ, ತಾನೇ ಓದಿದಾಗ ತಪ್ಪಿದರೆ ತೊಡಕು ಅಕ್ಷರದಲ್ಲಿ. ಕೇಳಿಸಿಕೊಂಡರೂ ತಪ್ಪಿದರೆ ಭಾಷೆಯಲ್ಲಿ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದಿನ ಗ್ರಹಿಕೆಯನ್ನು ಗುಣಾಕಾರವಾಗಿ ವಿವರಿಸಿದ್ದರು: ಅಕ್ಷರ ಬಿಡಿಸುವ ಶಕ್ತಿ ಇಂಟು ಕೇಳಿ ತಿಳಿಯುವ ಶಕ್ತಿ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಗುಣಲಬ್ಧ ಸೊನ್ನೆ.

ನನ್ನ ಮಗಳದ್ದು ಭಾಷೆಯ ತೊಡಕು. ಮನೆಯಲ್ಲಿ ಅವಳು ಕೇಳುವುದು 'ಬರೋಷ್ಟರಲ್ಲಿ', ಪುಸ್ತಕದಲ್ಲಿರುವುದು 'ಬರುವಷ್ಟರಲ್ಲಿ'. 'ತಲೆ ಸವರಿ' ಎಂಬುದನ್ನು ಅವಳು ಕೇಳಿಯೇ ಇರಲಿಲ್ಲ. ಇಂಥ ಮಗುವಿಗೆ ಹತ್ತು ಸಲ ಗಟ್ಟಿಯಾಗಿ ಓದಿಸಿದರೆ ಪ್ರಯೋಜನ ಇಲ್ಲ. ರಾತ್ರಿ ಹತ್ತು ನಿಮಿಷ ನಾವು ಪುಸ್ತಕದ ಕನ್ನಡದಲ್ಲೇ ಕಥೆ ಓದಿ ಹೇಳಿ, ಮಧ್ಯೆ ನಿಲ್ಲಿಸಿ ಮಾತಾಡುವುದೇ ಮದ್ದು.

ಉತ್ತರ ಬೆಲೆಕಟ್ಟುವಾಗಲೂ ಎಚ್ಚರ ಬೇಕು. ಎರಡನೇ ಸಲ ಓದಿ ಮಗಳು, "ರೈನ್ ಬರತ್ತೆ ಅಂತ ಗೊತ್ತಾಯ್ತು, ಹಪ್ಪಳ ವೆಟ್ ಆಗತ್ತೆ, ಅದಕ್ಕೇ" ಅಂದಳು. ಅದಕ್ಕೆ ಪೂರ್ತಿ ಅಂಕ. ಕಾಗುಣಿತ, ಪೂರ್ಣವಾಕ್ಯ, ಶುದ್ಧ ಕನ್ನಡ, ಇವೆಲ್ಲ ಬೇರೆ ಕಲಿಕೆ, ಬೇರೆ ದಿನ. ಅರ್ಥವನ್ನು ನೋಡಲು ಕೂತಾಗ ಒತ್ತಕ್ಷರ ತಿದ್ದಿದರೆ ಮಗು ಮತ್ತೆ ಸಾಲು ಎತ್ತಿ ಬರೆಯುವುದಕ್ಕೇ ಮರಳುತ್ತದೆ, ಎತ್ತಿ ಬರೆದ ಸಾಲಿನಲ್ಲಿ ಕಾಗುಣಿತ ತಪ್ಪುವುದಿಲ್ಲವಲ್ಲ.

ಕೆಲವು ಪ್ರಶ್ನೆಗಳನ್ನು ಕೇಳದಿರುವುದೇ ವಾಸಿ. "ಕಾಗೆಯ ಬಣ್ಣ ಯಾವುದು?" ಎಂಬುದಕ್ಕೆ ಗದ್ಯವೇ ಬೇಡ. ಇದನ್ನು ಪತ್ತೆ ಮಾಡುವುದು ಸುಲಭ: ಓದುವ ಮುಂಚೆಯೇ ಪ್ರಶ್ನೆ ಕೇಳಿ ನೋಡಿ, ಉತ್ತರ ಬಂದರೆ ಆ ಪ್ರಶ್ನೆ ಹೊಡೆದುಹಾಕಿ. "ಕಥೆಯ ನೀತಿ ಏನು?" ಎಂದರೆ "ಹಿರಿಯರ ಮಾತು ಕೇಳಬೇಕು" ಎಂಬ ಸಿದ್ಧ ಉತ್ತರ ಬರುತ್ತದೆ. ಸೋಮು ಮಾಡಿದ್ದು ಸ್ವಲ್ಪ ಬೇರೆಯೇ. ಅಜ್ಜಿ ಹೇಳಿದ್ದು ಕಾಗೆ ಓಡಿಸಲು, ಹೇಳದೇ ಇದ್ದದ್ದನ್ನೂ ಅವನು ಮಾಡಿದ. ನೀತಿಯ ಬದಲು "ಅಜ್ಜಿ ಹೇಳಿದ ದೊಡ್ಡ ಕಳ್ಳ ಯಾರು?" ಎಂದು ಕೇಳಿದರೆ ಇಡೀ ಕಥೆ ಅರ್ಥವಾಗಿದೆಯೋ ಇಲ್ಲವೋ ಒಂದೇ ಪದದಲ್ಲಿ ಗೊತ್ತಾಗುತ್ತದೆ.

ಎಂಟು ಸಾಲಿನ ಗದ್ಯಕ್ಕೆ ನಾಲ್ಕು ಪ್ರಶ್ನೆ ಧಾರಾಳ: ಬೇರೆ ಮಾತಿನಲ್ಲಿ ಕೇಳಿದ್ದು ಒಂದು, 'ಅವರು ಯಾರು' ಬಗೆಯದು ಒಂದು, ಗದ್ಯದಲ್ಲಿ ಬರೆದಿರದ 'ಯಾಕೆ' ಒಂದು. ನಾಲ್ಕನೆಯದನ್ನು ನಾನು ಮಗಳಿಗೇ ಬಿಡುತ್ತೇನೆ, ಅವಳು ಕೇಳಬೇಕು, ನಾನು ಹೇಳಬೇಕು. ಗದ್ಯ ನೋಡಿ ಉತ್ತರ ಎತ್ತುವ ಆಟ ಗೊತ್ತಿರುವ ಮಗು ಮೊದಮೊದಲು ಅಂಥದ್ದನ್ನೇ ಕೇಳುತ್ತದೆ. ಅವಳೂ ಮೊದಲು "ಯಾವ ವಾರ?" ಎಂದೇ ಕೇಳಿದ್ದಳು. ಮೂರನೇ ದಿನ ಅದೇ ಹಪ್ಪಳದ ಗದ್ಯ ಹಿಡಿದು ಬಂದು ಕೇಳಿದಳು: "ಸೋಮು ಕೋಲು ಬಿಸಾಡಿದ್ದು ಯಾಕೆ ಹೇಳು?"

ನಾನು ಯೋಚಿಸಿ, "ಮಳೆಗೆ ಕೋಲಿಂದ ಏನೂ ಮಾಡೋಕಾಗಲ್ಲ, ಅದಕ್ಕೆ" ಅಂದೆ.

"ಅದೂ ಸರಿ," ಅಂದಳು. "ಆದ್ರೆ ಹಪ್ಪಳ ಎತ್ಕೊಳ್ಳೋಕೆ ಎರಡು ಕೈನೂ ಬೇಕಲ್ವಾ?"